ನೆಗಡಿ-ಜ್ವರದ ಕಾಲಕ್ಕೆ ಮನೆಯಲ್ಲೊಂದು ಡಬ್ಬಿ: ಥರ್ಮಾಮೀಟರ್, ಮೂಗಿನ ಹನಿ, ಓಆರ್‌ಎಸ್

ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಸಲ ಏರುತ್ತದೆ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಒಂದು ಸಲ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸಲ. ದಾವಣಗೆರೆಯವರಿಗೆ ಇದನ್ನು ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಶಾಲೆಯಲ್ಲಿ ಅರ್ಧ ತರಗತಿ ಕೆಮ್ಮುತ್ತಿರುತ್ತದೆ. ಆಮೇಲೆ ಮೆಕ್ಕೆಜೋಳದ ಒಕ್ಕಣೆ ಧೂಳು, ಅದರ ಹಿಂದೆಯೇ ಬೆಳಗಿನ ಚಳಿ. ರಾತ್ರಿ ಹತ್ತಕ್ಕೆ ಮಗುವಿಗೆ ಮೈ ಬಿಸಿಯಾದಾಗ ಪೇಟೆಯಲ್ಲಿದ್ದವರು ಆಸ್ಪತ್ರೆ ಹತ್ತಿರದ ಮೆಡಿಕಲ್ ಶಾಪ್‌ಗೆ ಓಡಬಹುದು. ಮಾಯಕೊಂಡದ ಕಡೆಯ ಹಳ್ಳಿಯಲ್ಲೋ ಜಗಳೂರಿನ ಆಚೆಯೋ ಇದ್ದವರು ಬೆಳಗಾಗುವವರೆಗೆ ಮನೆಯಲ್ಲಿ ಏನಿದೆಯೋ ಅದರಲ್ಲೇ ತೂಗಿಸಬೇಕು.

ಅದಕ್ಕೆ ಒಂದು ಡಬ್ಬಿಯಲ್ಲಿ ಮೂರು ಸಾಮಾನು ಇರಲಿ: ಡಿಜಿಟಲ್ ಥರ್ಮಾಮೀಟರ್, ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಅಂದರೆ ಸಲೈನ್ ಡ್ರಾಪ್ಸ್, ಮತ್ತು ಓಆರ್‌ಎಸ್ ಪೊಟ್ಟಣ. ಈ ಮೂರರಲ್ಲಿ ಯಾವುದೂ ಕಾಯಿಲೆ ವಾಸಿ ಮಾಡುವುದಿಲ್ಲ. ನೆಗಡಿಯೂ ಫ್ಲೂ ಕೂಡ ವೈರಸ್‌ನಿಂದ ಬರುತ್ತವೆ, ಬಹಳಷ್ಟು ಸಲ ತಾವಾಗಿಯೇ ಇಳಿಯುತ್ತವೆ. ಅವು ಇಳಿಯುವವರೆಗೆ ಮಗು ಉಸಿರಾಡಬೇಕು, ಕುಡಿಯಬೇಕು, ಮೈಯಲ್ಲಿ ನೀರು ಉಳಿಯಬೇಕು. ಈ ಡಬ್ಬಿ ಇರುವುದು ಅಷ್ಟಕ್ಕೇ. ಆದರೆ ಮೂರನ್ನೂ ತಪ್ಪಾಗಿ ಬಳಸುವುದು ತುಂಬಾ ಸುಲಭ. ಅದರಲ್ಲೂ ಓಆರ್‌ಎಸ್ ಅಳತೆ ತಪ್ಪಿದರೆ ಒಳ್ಳೆಯದಾಗುವ ಬದಲು ಕೆಡುಕಾಗುತ್ತದೆ.

ಮೊದಲು ಥರ್ಮಾಮೀಟರ್. ಪಾದರಸದ ಗಾಜಿನ ಕಡ್ಡಿ ಮನೆಯಲ್ಲಿ ಬೇಡ. ಒಡೆದರೆ ಪಾದರಸ ನೆಲದ ಬಿರುಕಿಗೆ ಸೇರುತ್ತದೆ, ಅದರ ಆವಿ ವಿಷ. ಹಣೆಯ ಮುಂದೆ ಹಿಡಿಯುವ ಗನ್ ಮಾದರಿ ನೋಡುವುದಕ್ಕೆ ಚೆನ್ನಾಗಿದೆ. ಆದರೆ ಮಗುವಿನ ಹಣೆ ಬೆವೆತಿದ್ದರೆ, ಫ್ಯಾನ್ ಗಾಳಿ ಬೀಸುತ್ತಿದ್ದರೆ, ಬಿಸಿಲಿನಿಂದ ಈಗಷ್ಟೇ ಒಳಗೆ ಬಂದಿದ್ದರೆ ಅಂಕಿ ಆಚೀಚೆ ಆಗುತ್ತದೆ. ಮನೆಗೆ ಪೆನ್ನಿನ ಹಾಗಿರುವ ಸಾದಾ ಡಿಜಿಟಲ್ ಥರ್ಮಾಮೀಟರೇ ಸಾಕು.

ಕಂಕುಳಲ್ಲಿ ಇಡುವುದಾದರೆ ಮೊದಲು ಅಲ್ಲಿನ ಬೆವರು ಒರೆಸಿ. ಕಡ್ಡಿಯ ತುದಿ ಕಂಕುಳಿನ ನಟ್ಟನಡುವೆ ಚರ್ಮಕ್ಕೆ ತಾಗಿರಬೇಕು, ಅಂಗಿಗಲ್ಲ. ಆಮೇಲೆ ಮಗುವಿನ ತೋಳನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ. ಬೀಪ್ ಅಂದ ತಕ್ಷಣ ತೆಗೆಯಬೇಡಿ. ಕೆಲವು ಥರ್ಮಾಮೀಟರುಗಳಲ್ಲಿ ಇನ್ನೂ ಒಂದೆರಡು ನಿಮಿಷ ಬಿಟ್ಟರೆ ಅಂಕಿ ಸ್ವಲ್ಪ ಏರುತ್ತದೆ. ಪರದೆಯಲ್ಲಿ Lo ಅಂತ ಬಂದರೆ ಹೆಚ್ಚಿನ ಸಲ ತುದಿ ಚರ್ಮಕ್ಕೆ ತಾಗಿಲ್ಲ ಅಂತಲೇ ಅರ್ಥ. ಇನ್ನೊಮ್ಮೆ ಸರಿಯಾಗಿ ಇಟ್ಟು ನೋಡಿ.

ಕಂಕುಳಿನ ಅಂಕಿ ಮೈಯೊಳಗಿನ ಬಿಸಿಗಿಂತ ಅರ್ಧ-ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ಮೈಯೊಳಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಅನ್ನುತ್ತಾರೆ. ಹಾಗಾಗಿ ಕಂಕುಳಲ್ಲಿ 99 ದಾಟಿದರೇ ಎಚ್ಚರವಾಗಿರಿ. ಅದಕ್ಕೆ ಒಂದು ಡಿಗ್ರಿ ಸೇರಿಸಬೇಕಾ, ಅರ್ಧ ಸೇರಿಸಬೇಕಾ ಅಂತ ಮನೆಯಲ್ಲಿ ಕೂಡುವುದು ಬೇಡ. ಬಂದ ಅಂಕಿಯನ್ನೇ ಬರೆದು, ಪಕ್ಕದಲ್ಲಿ 'ಕಂಕುಳು' ಅಂತ ಬರೆಯಿರಿ. ಡಾಕ್ಟರಿಗೆ ಬೇಕಾದ್ದು ಅದೇ. ಪ್ರತಿ ಸಲವೂ ಒಂದೇ ಜಾಗದಲ್ಲಿ ನೋಡಿ. ಒಮ್ಮೆ ಬಾಯಿ, ಒಮ್ಮೆ ಕಂಕುಳು ಅಂತ ಮಾಡಿದರೆ ಏರಿದೆಯೋ ಇಳಿದಿದೆಯೋ ತಿಳಿಯುವುದಿಲ್ಲ.

ಹಸುಗೂಸಿನ ವಿಷಯ ಬೇರೆ. ನಮ್ಮ ಕಡೆ ಚಳಿಗಾಲದಲ್ಲಿ ಕೂಸಿಗೆ ಕುಲಾವಿ, ಸ್ವೆಟರ್, ಮೇಲೆ ಎರಡು ಕೌದಿ ಸುತ್ತಿರುತ್ತೇವೆ ಅಲ್ವಾ? ಸುತ್ತಿದ ಬಿಸಿಗೇ ಥರ್ಮಾಮೀಟರ್ ಏರಬಹುದು. ಹೊದಿಕೆ ಸಡಿಲ ಮಾಡಿ ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಜ್ವರ ಇದ್ದು, ಕೂಸಿಗೆ ಮೂರು ತಿಂಗಳು ತುಂಬಿಲ್ಲ ಅಂದರೆ ಮನೆಯಲ್ಲಿ ಏನೂ ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಅಷ್ಟು ಸಣ್ಣ ಕೂಸಿಗೆ ದೊಡ್ಡ ಸೋಂಕು ತಗುಲಿದರೂ ಕೆಲವೊಮ್ಮೆ ಜ್ವರ ಬಿಟ್ಟು ಬೇರೆ ಲಕ್ಷಣವೇ ಇರುವುದಿಲ್ಲ.

ಇನ್ನೊಂದು ಮಾತು: ಥರ್ಮಾಮೀಟರ್ ಒಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಗಂಟಲು ಸುಡುತ್ತದೆ, ಜೀವಕ್ಕೇ ಅಪಾಯ. ಹಳೆಯ ಬ್ಯಾಟರಿಯನ್ನು ಟಿವಿ ಮೇಲೆ ಇಟ್ಟು ಮರೆಯಬೇಡಿ.

ಈಗ ಮೂಗಿನ ಹನಿ. ಮೊದಲ ಕೆಲವು ತಿಂಗಳು ಕೂಸು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆ ಹಿಡಿದು ನಾಲ್ಕು ಗುಟುಕು ಎಳೆಯುತ್ತದೆ, ಬಿಡುತ್ತದೆ, ಅಳುತ್ತದೆ. ಹಾಲು ಸಾಕಾಗುತ್ತಿಲ್ಲ ಅಂತ ತಾಯಿ ಹೆದರುತ್ತಾಳೆ. ಎಷ್ಟೋ ಸಲ ಹಾಲಿಗೇನೂ ಆಗಿರುವುದಿಲ್ಲ, ಮೂಗಿನಲ್ಲಿ ಸಿಂಬಳ ಒಣಗಿ ಕೂತಿರುತ್ತದೆ. ಸಲೈನ್ ಹನಿ ಮಾಡುವ ಕೆಲಸ ಇಷ್ಟೇ: ಒಣಗಿದ್ದನ್ನು ನೆನೆಸಿ ಸಡಿಲ ಮಾಡುತ್ತದೆ.

ಅಂಗಡಿಯಲ್ಲಿ 'ಮೂಗು ಕಟ್ಟಿದೆ, ಡ್ರಾಪ್ಸ್ ಕೊಡಿ' ಅಂದರೆ ಎರಡು ಬಗೆಯದ್ದು ಸಿಗುತ್ತದೆ. ಎರಡೂ ಬಾಟಲಿ ನೋಡೋಕೆ ಒಂದೇ ಥರ, ಹೆಸರೂ ಹತ್ತಿರ ಹತ್ತಿರ. ಅಂಗಡಿಯಲ್ಲಿ ನಿಂತಲ್ಲೇ ಬಾಟಲಿಯ ಸಣ್ಣ ಅಕ್ಷರ ಓದಿ. ಅಲ್ಲಿ ಸೋಡಿಯಂ ಕ್ಲೋರೈಡ್ 0.65 ಅಥವಾ 0.9 ಪರ್ಸೆಂಟ್ ಅಂತ ಇದ್ದರೆ ಅದು ಬರೀ ಉಪ್ಪುನೀರು, ನಮಗೆ ಬೇಕಾದ್ದು ಅದೇ. ಕ್ಸೈಲೋಮೆಟಝೋಲಿನ್ ಅಥವಾ ಆಕ್ಸಿಮೆಟಝೋಲಿನ್ ಅಂತ ಇದ್ದರೆ ಅದು ಔಷಧಿ. ಮೂಗಿನ ರಕ್ತನಾಳಗಳನ್ನು ಬಿಗಿ ಮಾಡಿ ಎರಡೇ ನಿಮಿಷದಲ್ಲಿ ಮೂಗು ಬಿಡಿಸುತ್ತದೆ. ಅದಕ್ಕೇ ಜನರಿಗೆ ಅದು ಇಷ್ಟ. ಆದರೆ ಕೆಲವು ದಿನ ಬಿಡದೆ ಹಾಕಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಆಮೇಲೆ ಹನಿ ಬಿಡೋಕೇ ಆಗುವುದಿಲ್ಲ. ಸಣ್ಣ ಕೂಸಿಗೆ ಹಾಕಿದರೆ ತೂಕಡಿಕೆ ಬಂದು ಉಸಿರು, ಎದೆಬಡಿತ ನಿಧಾನವಾಗಬಹುದು. ಡಾಕ್ಟರು ಬರೆದುಕೊಡದೆ ಈ ಬಾಟಲಿ ಮನೆಯ ಡಬ್ಬಿಗೆ ಬರಬಾರದು.

ಹಾಕುವ ಕ್ರಮ ಹೀಗಿದೆ. ಕೂಸನ್ನು ಅಂಗಾತ ಮಲಗಿಸಿ, ಮಡಚಿದ ಟವೆಲ್ ಒಂದನ್ನು ಹೆಗಲ ಕೆಳಗೆ ಇಡಿ. ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಒಂದೊಂದು ಹೊಳ್ಳೆಗೆ ಎರಡೆರಡು ಹನಿ, ಬಾಟಲಿಯ ತುದಿ ಮೂಗಿಗೆ ತಾಗದ ಹಾಗೆ. ಒಂದು ನಿಮಿಷ ಕಾಯಿರಿ. ಕೂಸು ಸೀನಿದರೆ ಅರ್ಧ ಕೆಲಸ ಆದಂತೆ. ಉಳಿದದ್ದನ್ನು ಮೆತ್ತನೆಯ ಬಟ್ಟೆಯ ತುದಿ ಹುರಿ ಮಾಡಿ ತೆಗೆಯಿರಿ. ರಬ್ಬರ್ ಬುಗ್ಗೆಯ ಸಕ್ಕರ್ ಇದ್ದರೆ ಅದನ್ನು ಹೊರಗೇ ಅಮುಕಿಕೊಂಡು, ತುದಿಯನ್ನು ಹೊಳ್ಳೆಯ ಬಾಯಿಗಿಟ್ಟು, ಆಮೇಲೆ ಕೈ ಸಡಿಲ ಬಿಡಿ. ಮೂಗಿನೊಳಗೆ ಇಟ್ಟು ಅಮುಕಿದರೆ ಸಿಂಬಳ ಇನ್ನೂ ಒಳಗೆ ಹೋಗುತ್ತದೆ. ಹಾಲು ಕುಡಿಸುವುದಕ್ಕೆ ಹತ್ತು-ಹದಿನೈದು ನಿಮಿಷ ಮೊದಲು, ಮಲಗಿಸುವ ಮೊದಲು ಮಾಡಿದರೆ ಸಾಕು. ಸಕ್ಕರ್ ಮತ್ತೆ ಮತ್ತೆ ಹಾಕಿದರೆ ಮೂಗಿನ ಒಳಗೆ ಊದಿಕೊಂಡು ಮತ್ತೆ ಕಟ್ಟುತ್ತದೆ.

ಅಜ್ಜಿಯಂದಿರು ಕೂಸಿನ ಮೂಗಿಗೆ ಕೊಬ್ಬರಿ ಎಣ್ಣೆ ಬಿಡುವುದುಂಟು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎಣ್ಣೆ ಜಾರಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂತು ನ್ಯುಮೋನಿಯಾ ತರುತ್ತದೆ. 'ಅಜ್ಜಿ, ಈ ಹನಿ ಹಾಕೋಣ, ಕೂಸಿಗೆ ಉರಿ ಆಗಲ್ಲ' ಅಂತ ಹೇಳಿ ಬಾಟಲಿಯನ್ನು ಅವರ ಕೈಗೇ ಕೊಡಿ. ಮನೆಯಲ್ಲೇ ಉಪ್ಪು ಕದಡಿ ಮೂಗಿಗೆ ಹಾಕುವುದೂ ಬೇಡ, ಉಪ್ಪಿನ ಅಳತೆಯೂ ಸರಿ ಇರುವುದಿಲ್ಲ, ನೀರೂ ಅಷ್ಟು ಶುದ್ಧ ಇರುವುದಿಲ್ಲ. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಲೇಬಲ್ ಮೇಲೆ ಹೇಳಿದಷ್ಟು ದಿನವಾದ ಮೇಲೆ, ಸಾಮಾನ್ಯವಾಗಿ ಒಂದು ತಿಂಗಳಿಗೆ, ಎಸೆಯಿರಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ಇನ್ನು ಓಆರ್‌ಎಸ್. ಬರೀ ನೆಗಡಿ, ಸ್ವಲ್ಪ ಜ್ವರ ಇದ್ದು ಮಗು ಕುಡಿಯುತ್ತಾ ಇದ್ದರೆ ಓಆರ್‌ಎಸ್ ಬೇಕಿಲ್ಲ. ಗಂಜಿ, ತಿಳಿಸಾರು, ಮಜ್ಜಿಗೆ, ನೀರು ಸಾಕು, ಹಸುಗೂಸಿಗೆ ತಾಯಿ ಹಾಲು. ಆದರೆ ಮಕ್ಕಳಿಗೆ ಫ್ಲೂ ಬಂದಾಗ ಕೆಲವೊಮ್ಮೆ ವಾಂತಿ-ಭೇದಿಯೂ ಶುರುವಾಗುತ್ತದೆ. ಆಗ ನೀರಿನ ಜೊತೆ ಲವಣವೂ ಹೋಗುತ್ತದೆ. ಡಬ್ಬಿಯಲ್ಲಿ ಪೊಟ್ಟಣ ಇರಬೇಕಾದ್ದು ಅದಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಅಳತೆ ಪ್ರಕಾರ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು. ಇಷ್ಟೇ ಯಾಕೆ? ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಎರಡೂ ಸೇರಿದರೆ ಮಾತ್ರ ಒಳಗೆ ಬಿಡುವ ದಾರಿಯೊಂದಿದೆ. ಜೋಡಿ ಎತ್ತು ಕಟ್ಟಿದರೆ ಗಾಡಿ ಹೊರಟ ಹಾಗೆ, ಎರಡೂ ಕೂಡಿದಾಗ ನೀರು ಅವುಗಳ ಹಿಂದೆಯೇ ರಕ್ತಕ್ಕೆ ಸೇರುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಇಂಥದೇ ಉಪ್ಪು-ಗ್ಲುಕೋಸ್ ನೀರನ್ನು ಬಾಯಿಂದ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ಸಕ್ಕರೆ ಜಾಸ್ತಿಯಾದರೆ ಕತೆ ಉಲ್ಟಾ. ಹೀರಿಕೊಳ್ಳದೆ ಉಳಿದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಆದ್ದರಿಂದ ಕೂಲ್‌ಡ್ರಿಂಕ್ಸ್, ಪ್ಯಾಕ್ ಜ್ಯೂಸ್ ವಾಂತಿ-ಭೇದಿಗೆ ಕೊಡಬಾರದು. ಸುಸ್ತಾದಾಗ ಕದಡಿ ಕೊಡುವ ಗ್ಲುಕೋಸ್ ಪುಡಿಯಲ್ಲಿ ಬೇಕಾದಷ್ಟು ಉಪ್ಪಿಲ್ಲ, ಅದೂ ಓಆರ್‌ಎಸ್ ಅಲ್ಲ. ಡಬ್ಬಿಯ ಮೇಲೆ ಓಆರ್‌ಎಸ್ ಅಂತ ದೊಡ್ಡದಾಗಿ ಬರೆದು ಸಿಹಿ ಪಾನೀಯ ಮಾರುವುದೂ ವರ್ಷಗಟ್ಟಲೆ ನಡೆದಿತ್ತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅದರ ವಿರುದ್ಧ ಪಟ್ಟು ಬಿಡದೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರ-ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದು ಅಂತ ಆದೇಶ ಮಾಡಿತು. ಆದರೂ ಕೊಳ್ಳುವಾಗ ನೀವೇ ಓದಿ: ಮೇಲಿನ ನಾಲ್ಕು ವಸ್ತು, ಅವುಗಳ ಗ್ರಾಂ, ಎಷ್ಟು ನೀರಿಗೆ ಅನ್ನುವುದು ಬರೆದಿರಬೇಕು. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೇ ಪೊಟ್ಟಣ ದುಡ್ಡಿಲ್ಲದೆ ಸಿಗುತ್ತದೆ. ಪುಡಿ ಗಟ್ಟಿ ಹೆಂಟೆಯಾಗಿದ್ದರೆ, ಬಣ್ಣ ತಿರುಗಿದ್ದರೆ, ತೇವ ಹೊಕ್ಕಿದೆ ಅಂತ ಅರ್ಥ. ಬಳಸಬೇಡಿ.

ಕಲಸುವಾಗ ಎಡವುವುದು ಹೆಚ್ಚು. ದೊಡ್ಡ ಪೊಟ್ಟಣ, ಅಂದರೆ ಸುಮಾರು 21 ಗ್ರಾಮಿನದ್ದು, ಒಂದು ಲೀಟರಿಗೆ. ಸಣ್ಣದು, ನಾಲ್ಕು ಗ್ರಾಂ ಚಿಲ್ಲರೆಯದ್ದು, 200 ಮಿಲಿಗೆ. ದೊಡ್ಡದನ್ನು ತಂದು, 'ಒಂದು ಲೋಟ ತಾನೇ ಕುಡಿಯೋದು' ಅಂತ ಒಂದೇ ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ಅಷ್ಟು ಉಪ್ಪು ಸಣ್ಣ ಮಗುವಿನ ರಕ್ತ ಸೇರಿದರೆ ಮಿದುಳಿಗೆ ಪೆಟ್ಟು, ಫಿಟ್ಸ್ ಬರಬಹುದು. ಅರ್ಧ ಪುಡಿ ಇವತ್ತು, ಅರ್ಧ ನಾಳೆ ಅನ್ನುವುದೂ ಸರಿಯಲ್ಲ, ಅಂದಾಜಿನ ಅರ್ಧ ಎಂದೂ ಅರ್ಧ ಇರುವುದಿಲ್ಲ. ತೆರೆದ ಪೊಟ್ಟಣ ಪೂರ್ತಿ ಕಲಸಿ, ಉಳಿದ ನೀರು ಚೆಲ್ಲಿದರೂ ನಷ್ಟವಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ಖಾಲಿ ನೀರಿನ ಬಾಟಲಿಯನ್ನು ತೊಳೆದು ಡಬ್ಬಿಯ ಪಕ್ಕದಲ್ಲೇ ಇಡಿ. ಅದೇ ನಿಮ್ಮ ಅಳತೆ. ಚೊಂಬು, ಲೋಟ ನಂಬಬೇಡಿ. ಒಂದೊಂದು ಮನೆಯ ಸ್ಟೀಲ್ ಲೋಟ ಒಂದೊಂದು ಗಾತ್ರ. ನೀರು ಮೊದಲು ಕುದಿಸಿ ಆರಿಸಿ, ಆಮೇಲೆ ಪುಡಿ ಹಾಕಿ. ಕಲಸಿದ ಮೇಲೆ ಮತ್ತೆ ಕಾಯಿಸಬಾರದು, ಹಾಲು, ಸಕ್ಕರೆ, ಜ್ಯೂಸ್ ಏನೂ ಸೇರಿಸಬಾರದು. 24 ಗಂಟೆ ಆದ ಮೇಲೆ ಚೆಲ್ಲಿ.

ಪೊಟ್ಟಣ ಇಲ್ಲದೆ ಹೋದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಚಾಕುವಿನ ಬೆನ್ನಿಂದ ಸವರಿ. ಕೊಡುವ ಮೊದಲು ನೀವು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಬೆಳಿಗ್ಗೆ ಪೊಟ್ಟಣ ಸಿಗುವವರೆಗೆ ಮಾತ್ರ ಇದು.

ಒಂದು ರಾತ್ರಿಯನ್ನು ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷದ ಹುಡುಗಿ, ತೂಕ 14 ಕೆಜಿ. ನಿನ್ನೆಯಿಂದ ಜ್ವರ, ಮೂಗು ಸೋರುತ್ತಿದೆ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿದ್ದಾರೆ. ಅವರು ಪ್ಯಾರಾಸಿಟಮಾಲ್ ಸಿರಪ್, 5 ಮಿಲಿಗೆ 250 ಮಿಲಿಗ್ರಾಂ ಇರುವುದು, 4 ಮಿಲಿ ಬರೆದಿದ್ದಾರೆ. ಅಂದರೆ 200 ಮಿಲಿಗ್ರಾಂ. ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ ಅನ್ನುವ ಲೆಕ್ಕಕ್ಕೆ ಸರಿ. ಇಲ್ಲಿ ಗಮನಿಸಿ: 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ. ಬಾಟಲಿ ಬದಲಾದರೆ ಅದೇ 4 ಮಿಲಿ ಅರ್ಧದಷ್ಟೂ ಆಗುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಎಷ್ಟು ಮಿಲಿ ಅನ್ನುವುದರ ಜೊತೆ ಯಾವ ಬಾಟಲಿ ಅಂತಲೂ ಬರೆದಿಡಿ.

ರಾತ್ರಿ ಎಂಟಕ್ಕೆ ಉಂಡದ್ದು ವಾಂತಿ ಆಯಿತು. ಕಂಕುಳಲ್ಲಿ 101.6. ತಾಯಿ ತಕ್ಷಣ ಏನೂ ಕುಡಿಸದೆ ಹತ್ತು ನಿಮಿಷ ಕಾದರು, ಅಷ್ಟರಲ್ಲಿ ಒಂದು ಲೀಟರ್ ಓಆರ್‌ಎಸ್ ಕಲಸಿದರು. ಎಂಟೂವರೆಯಿಂದ ಎರಡೆರಡು ನಿಮಿಷಕ್ಕೆ ಒಂದು ಟೀ ಚಮಚ ಕೊಡತೊಡಗಿದರು. ಬಾಯಾರಿದ ಮಗು ಲೋಟವನ್ನೇ ಕಿತ್ತುಕೊಳ್ಳುತ್ತದೆ. ಕೊಟ್ಟರೆ ಗಟಗಟ ಕುಡಿದು ಮತ್ತೆ ವಾಂತಿ ಮಾಡುತ್ತದೆ. ಒಂದು ಚಮಚ ಅಂದರೆ 5 ಮಿಲಿ, ಗಂಟೆಗೆ 30 ಚಮಚ, 150 ಮಿಲಿ. ಚಮಚದಲ್ಲಿ ಏನು ಹೋಗುತ್ತೆ ಅಂತ ಅನ್ನಿಸಬಹುದು, ಆದರೆ ಎರಡು ಗಂಟೆಗೆ 300 ಮಿಲಿ ಒಳಗೆ ಹೋಗಿ ಅಲ್ಲೇ ಉಳಿಯಿತು. ವಾಂತಿ ನಿಂತ ಮೇಲೆ ಒಂಬತ್ತಕ್ಕೆ ಸಿರಪ್ ಕೊಟ್ಟರು. ಹತ್ತೂವರೆಗೆ ನೋಡಿದರೆ 100.2. ಉಚ್ಚೆ ಒಂದು ಸಲ ಆಯಿತು, ತಿಳಿ ಹಳದಿ. ಹನ್ನೊಂದಕ್ಕೆ ಒಂದು ಸಲ ನೀರಾಗಿ ಭೇದಿ. ಎರಡು ವರ್ಷ ದಾಟಿದ ಮಗುವಿಗೆ ಪ್ರತಿ ಭೇದಿಗೆ 100ರಿಂದ 200 ಮಿಲಿ ಕೊಡಬೇಕು. ಎರಡು ವರ್ಷದೊಳಗಿದ್ದರೆ 50ರಿಂದ 100. ಇವರು ನಿಧಾನವಾಗಿ 150 ಕೊಟ್ಟರು. ರಾತ್ರಿ ಮೂರಕ್ಕೆ ಮತ್ತೆ 101.8. ಮೊದಲ ಸಿರಪ್ ಕೊಟ್ಟು ಆರು ಗಂಟೆ ಆಗಿತ್ತು, ಇನ್ನೊಂದು ಸಲ ಕೊಟ್ಟರು. ನಾಲ್ಕು ಗಂಟೆಯ ಒಳಗೆ ಎಂದೂ ಎರಡನೇ ಸಲ ಕೊಡಬಾರದು, ದಿನಕ್ಕೆ ನಾಲ್ಕು ಸಲ ಮೀರಬಾರದು. ಬೆಳಗಿನ ಹೊತ್ತಿಗೆ 99.8, ಮಗು ಇಡ್ಲಿ ಕೇಳಿತು.

ಇಷ್ಟನ್ನೂ ಅವರು ಒಂದು ಚೀಟಿಯಲ್ಲಿ ಬರೆದಿದ್ದರು: ಹೊತ್ತು, ಅಂಕಿ, ಸಿರಪ್, ಕುಡಿದದ್ದು, ಉಚ್ಚೆ. ನಿದ್ದೆಗಣ್ಣಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದೊಂದು ಸಲ ಸಿರಪ್ ಕೊಟ್ಟುಬಿಡುವುದನ್ನು ಈ ಚೀಟಿಯೇ ತಪ್ಪಿಸುತ್ತದೆ.

ಭೇದಿ ಮುಂದುವರಿದರೆ ಡಾಕ್ಟರು ಜಿಂಕ್ ಮಾತ್ರೆಯನ್ನೂ ಕೊಡುತ್ತಾರೆ, ಅದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿಗೆ ವಾಂತಿ-ಭೇದಿಯಾದರೆ ಓಆರ್‌ಎಸ್ ಕೊಡಬಹುದು, ಜೊತೆಗೆ ಶುಗರ್ ನೋಡುತ್ತಿರಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಮೊದಲು ಅವರ ಡಾಕ್ಟರನ್ನು ಕೇಳಿ. ಕೆಮ್ಮು-ನೆಗಡಿ ಸಿರಪ್ಪುಗಳು ಈ ಡಬ್ಬಿಯಲ್ಲಿ ಬೇಡ. ಕ್ಲೋರ್‌ಫೆನಿರಮಿನ್-ಫಿನೈಲ್‌ಎಫ್ರಿನ್ ಬೆರೆತ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲೇ ಔಷಧ ನಿಯಂತ್ರಕರು ಹೇಳಿದ್ದಾರೆ. ಮಳೆಗಾಲದ ಕೊನೆಯಲ್ಲಿ ನಮ್ಮ ಕಡೆ ಡೆಂಗಿಯೂ ಇರುತ್ತದೆ. ಯಾವ ಜ್ವರ ಅಂತ ತಿಳಿಯುವ ಮೊದಲು ಐಬುಪ್ರೊಫೇನ್, ಆಸ್ಪಿರಿನ್ ಕೊಡುವುದು ಅಪಾಯ, ರಕ್ತಸ್ರಾವ ಹೆಚ್ಚಾಗಬಹುದು.

ಡಬ್ಬಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ ಅನ್ನುವುದೂ ಗೊತ್ತಿರಬೇಕು. ಮಗು ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ಬರೀ ನೆಗಡಿಯಲ್ಲ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಕುಡಿದದ್ದೆಲ್ಲ ವಾಂತಿ, ಆರೆಂಟು ಗಂಟೆ ಉಚ್ಚೆ ಇಲ್ಲದಿರುವುದು, ಅತ್ತರೆ ಕಣ್ಣೀರು ಬಾರದಿರುವುದು, ಕೂಸಿನ ನೆತ್ತಿ ಕುಸಿಯುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಮೂಗು-ಒಸಡಿನಲ್ಲಿ ರಕ್ತ. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಜ್ವರ ಮೂರು ದಿನ ದಾಟಿದರೆ, ಅಥವಾ ಬಿಟ್ಟ ಜ್ವರ ಮತ್ತೆ ಏರಿದರೆ, ಆ ದಿನವೇ ತೋರಿಸಿ. ರಾತ್ರಿ ಕೇಳಬೇಕಿದ್ದರೆ 104ಕ್ಕೆ ಫೋನ್ ಮಾಡಬಹುದು, ಆಂಬುಲೆನ್ಸ್‌ಗೆ 108. ಚಿಗಟೇರಿ ಜಿಲ್ಲಾಸ್ಪತ್ರೆಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಹೊರಡುವಾಗ ಆ ಚೀಟಿ, ಸಿರಪ್ ಬಾಟಲಿ, ಕಲಸಿದ ಓಆರ್‌ಎಸ್ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಗು ಎಚ್ಚರವಿದ್ದು ಸರಿಯಾಗಿ ನುಂಗುತ್ತಿದ್ದರೆ ದಾರಿಯಲ್ಲೂ ಚಮಚ ಚಮಚ ಕುಡಿಸುತ್ತಾ ಹೋಗಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಪಕ್ಕಕ್ಕೆ ಮಲಗಿಸಿಕೊಂಡು ಹೋಗಿ.